ಆಪ್ತಸಲಹೆ ಪ್ರಕರಣ: ಕಳುಹಿಸಿದ ಕಡತ ಮರಳಿ ಬರುತ್ತದೆಯೇ?

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗದಗ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿರುವ ಇವರಿಗೆ 52 ವರ್ಷ. ಕಡತಗಳು ಇ-ಆಫೀಸ್ ತಂತ್ರಾಂಶಕ್ಕೆ ಹೋದಂದಿನಿಂದ ನಿದ್ದೆ ಕೆಟ್ಟಿತ್ತು, ಬೆಳಗ್ಗೆ ಎದೆ ಹೊಡೆದುಕೊಳ್ಳುತ್ತಿತ್ತು. ಇಸಿಜಿ ಮಾಡಿಸಿದ್ದರು, ದೋಷವೇನೂ ಕಂಡಿರಲಿಲ್ಲ. "ವಯಸ್ಸಾಯಿತು ಮೇಡಂ, ತಲೆಗೆ ಹತ್ತುವುದಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಳ್ಳುತ್ತೇನೆ" ಎಂದು ಹುಬ್ಬಳ್ಳಿಗೆ ನನ್ನ ಬಳಿ ಬಂದರು.

ವಯಸ್ಸಿನ ದೂರನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮನೆಯಲ್ಲಿ, ಸಂತೆಯಲ್ಲಿ, ಹಣದ ಲೆಕ್ಕದಲ್ಲಿ ಮರೆವು ಇದೆಯೇ ಎಂದು ಕೇಳಿದೆ. ಇರಲಿಲ್ಲ. ಹಳೆಯ ಕಡತವೊಂದರ ಸಂಖ್ಯೆ, ಅದು ಯಾವ ಆಕ್ಷೇಪಣೆಯಿಂದ ವಾಪಸು ಬಂದಿತ್ತು ಎಂಬುದನ್ನೆಲ್ಲ ಬಾಯಿಪಾಠದಂತೆ ಹೇಳಿದರು. ಹೊಸ ತಂತ್ರಾಂಶದಲ್ಲಿ ಕಡತ ತೆರೆದು ಟಿಪ್ಪಣಿ ಬರೆದು ಕಳುಹಿಸುವ ಹಂತಗಳನ್ನು ಕಾಗದದ ಮೇಲೆ ಬರೆಯಲು ಹೇಳಿದೆ. ತಪ್ಪಿಲ್ಲದೆ ಬರೆದರು! ಲ್ಯಾಪ್‌ಟಾಪ್ ಮುಂದಿಟ್ಟಾಗ ಮಾತ್ರ ಬಿಸಿ ಹಂಚು ಮುಟ್ಟುವವರಂತೆ ಮೌಸ್ ಹಿಡಿದರು. ತಲೆಯಲ್ಲಿದ್ದದ್ದು ಕೈಗೆ ಬರುತ್ತಿರಲಿಲ್ಲ. ಆತಂಕ ಏರಿದಾಗ ಗಮನದ ದೊಡ್ಡ ಪಾಲು 'ಏನಾಗಿಬಿಡುತ್ತದೋ' ಎಂಬ ಚಿಂತೆಗೇ ಹೋಗಿ, ಮುಂದಿನ ಹಂತಕ್ಕೆ ಉಳಿಯುವುದು ಸ್ವಲ್ಪ.

ನಿಜವಾಗಿ ವಯಸ್ಸಿನದ್ದು ಎನ್ನಬಹುದಾದ ತೊಂದರೆಯೂ ಒಂದಿತ್ತು. ಓದುವ ಕನ್ನಡಕ ಕೈಯಲ್ಲಿ ಹಿಡಿದ ಕಾಗದದ ದೂರಕ್ಕೆ ಮಾಡಿಸಿದ್ದು. ಪರದೆ ಅದಕ್ಕಿಂತ ದೂರವಿರುವುದರಿಂದ ಅವರು ಗದ್ದ ಎತ್ತಿ, ಮುಂದೆ ಬಾಗಿ ಗುಂಡಿ ಹುಡುಕುತ್ತಿದ್ದರು. ಪರದೆಯ ದೂರ ಅಳೆದುಕೊಂಡು ಕಣ್ಣಿನ ವೈದ್ಯರ ಬಳಿ ಹೋಗಲು ಹೇಳಿದೆ.

ಭಯ ಬೆಳೆದ ಬಗೆ ಬೇರೆ. ಕಚೇರಿಯ ಡೇಟಾ ಎಂಟ್ರಿ ಹುಡುಗ "ಕಾಕಾ, ನೀವು ಹೇಳಿರಿ, ನಾನು ಹಾಕುತ್ತೇನೆ" ಎಂದು ಇವರ ಪಾಸ್‌ವರ್ಡ್ ಬಳಸಿ ಟಿಪ್ಪಣಿ ಹಾಕುತ್ತಿದ್ದ. ಒಳ್ಳೆಯ ಹುಡುಗನೇ. ಆದರೆ ಅವನು ಮಾಡಿಕೊಟ್ಟಾಗಲೆಲ್ಲ ಇವರಿಗೆ ಹಾಯೆನಿಸುತ್ತಿತ್ತು, ಆ ಹಾಯೇ ಮರುದಿನದ ಭಯಕ್ಕೆ ಗೊಬ್ಬರವಾಗುತ್ತಿತ್ತು. ತಾನು ಮಾಡಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವ ಸಂದರ್ಭವೇ ಬರಲಿಲ್ಲ. ಪಾಸ್‌ವರ್ಡ್ ಅಂದೇ ಬದಲಿಸಲು ಹೇಳಿದೆ. ಅದು ಆಪ್ತಸಲಹೆಯಲ್ಲ, ನೌಕರಿಯ ಶಿಸ್ತು. ಅವರ ಹೆಸರಿನಲ್ಲಿ ಹೋದ ಟಿಪ್ಪಣಿಗೆ ಅವರೇ ಹೊಣೆ.

ಏನಾಗುತ್ತದೆಂದು ಭಯ ಎಂದು ಬಿಡಿಸಿ ಕೇಳಿದಾಗ ಬಂದ ಉತ್ತರ: "ತಪ್ಪು ಟಿಪ್ಪಣಿ ಸಾಹೇಬರಿಗೆ ಹೋದರೆ ತಿದ್ದಲು ಬರುವುದಿಲ್ಲ." ಇದರಲ್ಲಿ ಅರ್ಧ ನಿಜವಿದೆ. ಕಡತದಲ್ಲಿ ಅಂತಿಮವಾಗಿ ಉಳಿಯುವ ಹಸಿರು ಟಿಪ್ಪಣಿ ಕಳುಹಿಸಿದ ಮೇಲೆ ಬದಲಾಗುವುದಿಲ್ಲ. ಆದರೆ ಕರಡಿಗೆಂದೇ ಹಳದಿ ಟಿಪ್ಪಣಿ ಇದೆ, ಅದನ್ನು ತಿದ್ದಬಹುದು, ಅಳಿಸಬಹುದು. ಕಳುಹಿಸಿದ ಕಡತವನ್ನೂ ಆ ಕಡೆಯವರು ತೆರೆಯುವ ಮೊದಲು Pull Back ಒತ್ತಿ ಹಿಂದಕ್ಕೆ ಪಡೆಯಬಹುದು. ತರಬೇತಿಯಲ್ಲಿ ಇದನ್ನು ಹೇಳಿದ್ದರಂತೆ, ಇವರಿಗೆ ಕೇಳಿಸಿರಲಿಲ್ಲ.

ಹಂತಗಳನ್ನು ಇಬ್ಬರೂ ಕೂತು ಹಾಕಿಕೊಂಡೆವು. ದಿನಕ್ಕೆ ಇಪ್ಪತ್ತು ನಿಮಿಷ, ಕಚೇರಿಯಲ್ಲಿ ಜನ ಸೇರುವ ಮೊದಲು. ಮೌಸ್ ಅವರ ಕೈಯಲ್ಲೇ ಇರಬೇಕು, ಹುಡುಗ ಪಕ್ಕದಲ್ಲಿ ಕೂತು ಬಾಯಿಯಲ್ಲಿ ಮಾತ್ರ ಹೇಳಬೇಕು. ಮೊದಲು ಹಳದಿ ಟಿಪ್ಪಣಿ ಬರೆದು ಬೇಕೆಂದೇ ಅಳಿಸುವುದು. ಆಮೇಲೆ ತುರ್ತಿಲ್ಲದ ಕಡತವೊಂದನ್ನು, ಮೊದಲೇ ಮಾತಾಡಿಕೊಂಡ ಸಹೋದ್ಯೋಗಿಗೆ ಕಳುಹಿಸಿ ಹಿಂದಕ್ಕೆ ಪಡೆಯುವುದು. ಪ್ರತಿ ಸಲ ಮೊದಲು 'ಏನಾಗುತ್ತದೆ' ಎಂದು ಬರೆದು ಭಯಕ್ಕೆ ನೂರರಲ್ಲಿ ಅಂಕ ಹಾಕಬೇಕು, ಮುಗಿದ ಮೇಲೆ 'ಏನಾಯಿತು' ಎಂದು ಅದರ ಕೆಳಗೇ ಬರೆಯಬೇಕು. ಭಯ ಇಳಿಯಲಿ, ಆಮೇಲೆ ಮಾಡುತ್ತೇನೆ ಎಂದು ಕಾಯಬಾರದು.

ಕಡತ ಹಿಂದಕ್ಕೆ ಪಡೆಯುವ ದಿನವೇ ಎಡವಟ್ಟಾಯಿತು. ದಿನಾಂಕ ನಿಜವಾಗಿಯೂ ತಪ್ಪಾಗಿತ್ತು, ಸಹೋದ್ಯೋಗಿ ಅಷ್ಟರಲ್ಲಿ ಕಡತ ತೆರೆದಾಗಿತ್ತು. ಅಂಕ 90ಕ್ಕೆ ಏರಿತು. ಎದ್ದು ಹೋಗದೆ ಕುರ್ಚಿಯಲ್ಲೇ ಉಳಿದರು ಎಂಬುದು ನನಗೆ ಮುಖ್ಯ. ಕಡತ ಮರಳಿ ಬಂದಾಗ ಅವರೇ ಮುಂದಿನ ಟಿಪ್ಪಣಿ ಬರೆದರು: "ಹಿಂದಿನ ಕಂಡಿಕೆಯಲ್ಲಿನ ದಿನಾಂಕವನ್ನು ಈ ಕೆಳಗಿನಂತೆ ಓದಿಕೊಳ್ಳತಕ್ಕದ್ದು." ಕಾಗದದ ಕಾಲದಲ್ಲಿ ಎಷ್ಟೋ ಸಲ ಬರೆದ ವಾಕ್ಯ. "ಅದೇ ಮೇಡಂ, ಅದೇ ರೀತಿ!" ಎಂದು ನಕ್ಕರು. ಚೀಟಿಯಲ್ಲಿ 'ಏನಾಯಿತು' ಎಂಬಲ್ಲಿ ಇದ್ದದ್ದು ಒಂದೇ ಸಾಲು: ತಿದ್ದೋಲೆ ಹಾಕಲಾಯಿತು.

ಈಗಲೂ ಅವರು ನಿಧಾನ. ಹುಡುಗನಿಗೆ ಹತ್ತು ನಿಮಿಷ ಹಿಡಿದರೆ ಇವರಿಗೆ ಇಪ್ಪತ್ತು. ಅದನ್ನು ಸರಿಪಡಿಸಲು ನಾನು ಹೊರಟಿಲ್ಲ. ಸ್ಕ್ಯಾನಿಂಗ್ ಹುಡುಗನೇ ಮಾಡುತ್ತಾನೆ, ಅದು ಅವನ ಕೆಲಸ. ಮನೆಯಾಕೆಗೂ ಒಂದು ಮಾತು ಹೇಳಿ ಕಳುಹಿಸಿದೆ: "ಅವನಿಂದಲೇ ಮಾಡಿಸಿಬಿಡಿ" ಎಂದು ಕನಿಕರಪಡುವುದು ಬೇಡ.

ಸಾಹೇಬರು ಬೆನ್ನ ಹಿಂದೆ ನಿಂತರೆ ಮಾತ್ರ ಕೈ ಇನ್ನೂ ನಿಲ್ಲುತ್ತದೆ. ಸದ್ಯಕ್ಕೆ "ಹತ್ತು ನಿಮಿಷದಲ್ಲಿ ಕಳುಹಿಸುತ್ತೇನೆ ಸರ್" ಎಂದು ಹೇಳಲು ಸೂಚಿಸಿದ್ದೇನೆ. ಆದರೆ ಅದೂ ತಪ್ಪಿಸಿಕೊಳ್ಳುವ ದಾರಿಯೇ, ಬಹಳ ದಿನ ನಡೆಸಲಾಗದು. ಮುಂದಿನ ಭೇಟಿಯಲ್ಲಿ ಅವರು ಟೈಪ್ ಮಾಡುತ್ತಿರುವಾಗ ಹುಡುಗನನ್ನೇ ಬೆನ್ನ ಹಿಂದೆ ನಿಲ್ಲಿಸಿಕೊಳ್ಳುವ ಅಭ್ಯಾಸದಿಂದ ಶುರುಮಾಡುತ್ತೇವೆ.