ಊಟಕ್ಕೆ ಮುಂಚೆ ನೀರು ಕುಡಿದ್ರೆ ತೂಕ ಇಳೀತದಾ? ಮೊದ್ಲು ಬಟ್ಟಲಿಗೆ ಎಷ್ಟು ಬಡಿಸ್ತೀರಿ ಹೇಳಿ

ಪ್ರಶ್ನೆ: ಮೇಡಂ, ನನಗೆ 58 ವರ್ಷ, ತೂಕ 76 ಕೆಜಿ. ಮೂರು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡ್ಲೆ ಒಂದು ಲೀಟರ್ ಬಿಸಿನೀರು, ಮತ್ತೆ ಊಟಕ್ಕೆ ಕೂತಾಗ ಒಂದು ಲೋಟ ನೀರು ಕುಡೀತಾ ಇದ್ದೇನೆ. ಮಧ್ಯಾಹ್ನ ಮೂರು ಸೌಟು ಕುಚ್ಚಲಕ್ಕಿ ಅನ್ನ, ಮೀನು ಸಾರು, ಪಲ್ಯ, ಸೊಸೆ ಬಡಿಸುದು. ರಾತ್ರಿ ಸಹ ಹೆಚ್ಚುಕಮ್ಮಿ ಅಷ್ಟೇ. ಅರ್ಧ ಕೆಜಿ ಸಹ ಇಳೀಲಿಲ್ಲ. ಬಿಪಿಗೆ ಮಾತ್ರೆ ಉಂಟು. ನೀರಿನ ಕಥೆ ಸುಳ್ಳಾ? — ಕಿನ್ನಿಮೂಲ್ಕಿ, ಉಡುಪಿ

ಸುಳ್ಳಲ್ಲ ಅಮ್ಮ, ಆದ್ರೆ ನಿಮಗೆ ಹೇಳಿದವರು ಅರ್ಧ ಮಾತ್ರ ಹೇಳಿದ್ದಾರೆ. ಈ ಪ್ರಶ್ನೆ ನನಗೆ ವಾರಕ್ಕೆ ಎಷ್ಟು ಸಲ ಬರ್ತದೆ ಅಂದ್ರೆ ಈ ಸಲ ಪೂರ್ತಿ ಬಿಡಿಸಿ ಬರೆದೇ ಬಿಡ್ತೇನೆ, ಬಾಕಿಯವರಿಗೆ ಜಾಗ ಕಮ್ಮಿ ಆದ್ರೂ ಅಡ್ಡಿಯಿಲ್ಲ.

ಅಮೆರಿಕದ ವರ್ಜೀನಿಯಾ ಟೆಕ್ ಯೂನಿವರ್ಸಿಟಿಯವರು 2010ರಲ್ಲಿ ಒಂದು ಸ್ಟಡಿ ಪ್ರಕಟ ಮಾಡಿದ್ರು. ಅದರಲ್ಲಿ ಇದ್ದವರು 48 ಜನ, ಎಲ್ಲ 55ರಿಂದ 75 ವರ್ಷದವರು, ಅಂದ್ರೆ ನಿಮ್ಮ ವಯಸ್ಸಿನವರೇ. ಅರ್ಧ ಜನರಿಗೆ ಮೂರು ಹೊತ್ತಿನ ಊಟಕ್ಕೂ ಮುಂಚೆ ಅರ್ಧರ್ಧ ಲೀಟರ್ ನೀರು ಕುಡೀಲಿಕ್ಕೆ ಹೇಳಿದ್ರು, ಬಾಕಿಯವರಿಗೆ ಹಾಗೆ ಏನೂ ಹೇಳ್ಲಿಲ್ಲ. 12 ವಾರ ಆದ ಮೇಲೆ ನೋಡುವಾಗ ನೀರು ಕುಡಿದವರು ಸುಮಾರು ಎರಡು ಕೆಜಿ ಜಾಸ್ತಿ ಇಳಿದಿದ್ರು. ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಎರಡೂ ಗುಂಪಿನವರು ದಿನಕ್ಕೆ 1200ರಿಂದ 1500 ಕ್ಯಾಲೊರಿಯ ಕಟ್ಟುನಿಟ್ಟಿನ ಡಯಟ್‌ನಲ್ಲಿ ಇದ್ರು, ಅದನ್ನು ಮಾತ್ರ ಯಾರೂ ಹೇಳುದಿಲ್ಲ. ನೀರು ಆ ಡಯಟ್‌ನ ಮೇಲೆ ಸೇರಿದ್ದು, ಡಯಟ್‌ನ ಬದಲಿಗೆ ಬಂದದ್ದಲ್ಲ. ಮತ್ತೆ 2015ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯವರು ಕಠಿಣ ಡಯಟ್ ಇಲ್ಲದೆ, ಸಾಮಾನ್ಯ ಸಲಹೆ ಮಾತ್ರ ಕೊಟ್ಟು 84 ಜನರಲ್ಲಿ ನೋಡಿದ್ರು. ಅಲ್ಲಿ ಸಹ ಊಟಕ್ಕೆ ಅರ್ಧ ಗಂಟೆ ಮುಂಚೆ ಅರ್ಧ ಲೀಟರ್, 12 ವಾರ. ಎರಡು ಗುಂಪಿನ ನಡುವೆ ವ್ಯತ್ಯಾಸ ಬಂದದ್ದು 1.3 ಕೆಜಿ. ಮೂರು ತಿಂಗಳಿಗೆ ಇಷ್ಟೇ. ವಾಟ್ಸಾಪ್‌ನಲ್ಲಿ ಬರುವ ಹತ್ತು ಕೆಜಿ ಎಲ್ಲಿಂದ ಬಂತು ಅಂತ ನನಗೂ ಗೊತ್ತಿಲ್ಲ, ಕಳಿಸಿದವರಿಗೂ ಗೊತ್ತಿರ್ಲಿಕ್ಕಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರುವ. ನೀರು ಕೊಬ್ಬನ್ನು ಎಂತದೂ ಮಾಡುದಿಲ್ಲ. ಅದು ಹೊಟ್ಟೆಯಲ್ಲಿ ಜಾಗ ತಗೊಳ್ತದೆ, ಹೊಟ್ಟೆ ಹಿಗ್ಗಿದಾಗ ಸಾಕು ಅಂತ ಸ್ವಲ್ಪ ಬೇಗ ಅನಿಸ್ತದೆ, ನೀವು ಒಂದೆರಡು ತುತ್ತು ಕಮ್ಮಿ ತಿಂತೀರಿ, ಕೆಲಸ ಅಷ್ಟೇ. ಬರೀ ನೀರು ಹೊಟ್ಟೆಯಲ್ಲಿ ತುಂಬ ಹೊತ್ತು ನಿಲ್ಲುದಿಲ್ಲ, ಅರ್ಧ ಭಾಗ ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಳಗೆ ಇಳಿದಿರ್ತದೆ. ಹಾಗಾಗಿ ನೀವು ಬೆಳಿಗ್ಗೆ ಆರಕ್ಕೆ ಕುಡಿದ ಒಂದು ಲೀಟರ್, ಎಂಟೂವರೆಗೆ ತಿಂಡಿಗೆ ಕೂರುವಾಗ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ, ಬಾತ್‌ರೂಮಿಗೆ ಹೋಗಿ ಆಗಿದೆ. ಮಧ್ಯಾಹ್ನದ ಒಂದು ಲೋಟ ಅಂದ್ರೆ 200 ಎಂಎಲ್, ಅದು ಸಣ್ಣ ಪ್ರಮಾಣ. ಸ್ಟಡಿಯಲ್ಲಿ ಕೊಟ್ಟದ್ದು ಅದರ ಎರಡೂವರೆ ಪಾಲು, ಅದೂ ಊಟಕ್ಕೆ ಮುಂಚೆಯೇ.

ವಯಸ್ಸಾದವರಲ್ಲಿ ಹೊಟ್ಟೆ ಖಾಲಿಯಾಗುದು ಸ್ವಲ್ಪ ನಿಧಾನ, ಹಾಗಾಗಿ ಅರ್ಧ ಗಂಟೆ ಮುಂಚೆ ಕುಡಿದದ್ದು ನಿಮ್ಮ ಪ್ರಾಯದವರಿಗೆ ಸಹಾಯ ಮಾಡ್ತದೆ. ಅದೇ ವರ್ಜೀನಿಯಾದವರು ಮೊದಲು ಒಂದು ಪರೀಕ್ಷೆ ಮಾಡಿದಾಗ ಪ್ರಾಯ ಆದವರು ಊಟದಲ್ಲಿ 60 ಕ್ಯಾಲೊರಿಯ ಹತ್ತಿರ ಕಮ್ಮಿ ತಿಂದ್ರು, ಯುವಕರು ಕಮ್ಮಿ ತಿನ್ಲೇ ಇಲ್ಲ. ಇಪ್ಪತ್ತೈದು ವರ್ಷದ ಮಕ್ಕಳು ಇದನ್ನು ಓದಿ ಬಾಟಲಿ ಹಿಡ್ಕೊಂಡು ಓಡ್ಬೇಡಿ.

60 ಕ್ಯಾಲೊರಿ ಅಂದ್ರೆ ಎಷ್ಟು? ಒಂದು ಸೌಟು ಬೆಂದ ಅನ್ನ ನೂರು ಗ್ರಾಂ ಅಂತ ಇಟ್ಕೊಂಡ್ರೆ 120-130 ಕ್ಯಾಲೊರಿ. ಅಂದ್ರೆ ಅರ್ಧ ಲೀಟರ್ ನೀರಿನಿಂದ ನಿಮಗೆ ಒಂದು ಊಟದಲ್ಲಿ ಸಿಗುವ ಲಾಭ ಅರ್ಧ ಸೌಟು ಅನ್ನ. ಇಲ್ಲಿಯೇ ನಿಮ್ಮ ತೊಂದರೆ ಇರುದು. ಅಂಥ ಪರೀಕ್ಷೆಯಲ್ಲಿ ಜನ ತಮಗೆ ಬೇಕಾದಷ್ಟು ತಿಂದು ಸಾಕಾದಾಗ ಬಿಟ್ಟು ಏಳಬಹುದಿತ್ತು. ನಿಮ್ಮ ಮನೆಯಲ್ಲಿ ಸೊಸೆ ಮೂರು ಸೌಟು ಹಾಕಿ ಆಗಿದೆ, ಸಾರು ಹೊಯ್ದು ಕಲಸಿ ಆಗಿದೆ, ಅನ್ನ ಬಿಸಾಡ್ಲಿಕ್ಕೆ ನಮ್ಮಲ್ಲಿ ಯಾರಿಗೂ ಮನಸ್ಸು ಬರುದಿಲ್ಲ. ಹೊಟ್ಟೆ ಸಾಕು ಅಂದ್ರೂ ನೀವು ಬಟ್ಟಲು ಖಾಲಿ ಮಾಡಿಯೇ ಏಳುದು. ಆಗ ನೀರು ಕುಡಿದೂ ಒಂದೇ, ಬಿಟ್ಟೂ ಒಂದೇ.

ಹಾಗಾಗಿ ಹೀಗೆ ಮಾಡಿ. ಅರ್ಧ ಲೀಟರಿನ ಬಾಟಲಿಯಲ್ಲಿ ಅಳೆದು, ಊಟಕ್ಕೆ ಅರ್ಧ ಗಂಟೆ ಉಂಟು ಅನ್ನುವಾಗ ಐದ್ಹತ್ತು ನಿಮಿಷದಲ್ಲಿ ಮೆಲ್ಲ ಕುಡೀರಿ, ಒಂದೇ ಗುಟುಕಿಗೆ ಸುರೀಬೇಡಿ. ಬಿಸಿಯಾ ತಣ್ಣಗಾ ಅಂತ ಕೇಳ್ಬೇಡಿ, ಯಾವುದಾದ್ರೂ ಆಗ್ತದೆ. ಸೊಸೆ ಹತ್ರ ಹೇಳಿ, ಮೊದಲಿಗೇ ಎರಡೂವರೆ ಸೌಟು ಮಾತ್ರ ಬಡಿಸ್ಲಿಕ್ಕೆ, ಬೇಕಾದ್ರೆ ಮತ್ತೆ ಕೇಳಿ ಹಾಕ್ಸಿಕೊಳ್ಳುವ ಅಂತ. ನೀರು ಕುಡಿದ ದಿನ ಆ ಅರ್ಧ ಸೌಟು ಕೇಳ್ಬೇಕು ಅಂತ ಅನಿಸ್ಲಿಕ್ಕಿಲ್ಲ. ತಿಂಡಿಗೆ ನೀರ್ ದೋಸೆ ಆದ್ರೆ ಒಂದು ಕಮ್ಮಿ, ಮಧ್ಯಾಹ್ನ ರಾತ್ರಿ ಅರ್ಧರ್ಧ ಸೌಟು ಕಮ್ಮಿ. ಮೂರೂ ಸೇರಿ ದಿನಕ್ಕೆ ಸುಮಾರು 200 ಕ್ಯಾಲೊರಿ, 90 ದಿನಕ್ಕೆ 18,000. ಒಂದು ಕೆಜಿ ಕೊಬ್ಬಿಗೆ 7,700 ಅಂತ ಹಿಡಿದ್ರೆ ಕಾಗದದ ಮೇಲೆ ಎರಡು ಕೆಜಿಗಿಂತ ಸ್ವಲ್ಪ ಜಾಸ್ತಿ, ನಿಜದಲ್ಲಿ ಅದಕ್ಕಿಂತ ಕಮ್ಮಿಯೇ ಬರುದು, ಯಾಕಂದ್ರೆ ದೇಹ ಸಹ ಖರ್ಚು ಕಮ್ಮಿ ಮಾಡ್ತದೆ. ಸ್ಟಡಿಯಲ್ಲಿ ಸಹ ಬಂದದ್ದು ಅಷ್ಟರ ಹತ್ತಿರವೇ ಅಲ್ವಾ. ಮತ್ತೆ ಸಂಜೆ ಚಾಕ್ಕೆ ಒಂದು ಪ್ಲೇಟ್ ಗೋಳಿಬಜೆ ಬಂದ್ರೆ ಆ ದಿನದ ಲಾಭ ಪೂರ್ತಿ ಅಲ್ಲಿಗೇ ಹೋಯ್ತು. ನಿಮ್ಮ ಪತ್ರದಲ್ಲಿ ಸಂಜೆಯ ವಿಷಯವೇ ಇಲ್ಲ, ಅದು ಯಾಕೆ ಅಂತ ನೀವೇ ಯೋಚನೆ ಮಾಡಿ.

ಇದು ನಿಮಗೆ ಆಗ್ತದಾ ಇಲ್ವಾ ಅಂತ ತಿಳೀಲಿಕ್ಕೆ ತೂಕದ ಮೆಷಿನಿಗಿಂತ ಮೊದ್ಲು ಸೌಟು ನೋಡಿ. ಎರಡು ವಾರ ಆದ್ಮೇಲೆ ಸಹ ಮತ್ತೆ ಮೂರು ಸೌಟಿಗೇ ಬಂದಿದ್ರೆ ನೀರು ನಿಮಗೆ ಕೆಲಸ ಮಾಡ್ತಾ ಇಲ್ಲ, ಬಿಟ್ಟುಬಿಡಿ, ಬೇರೆ ದಾರಿ ನೋಡುವ. ತೂಕ ವಾರಕ್ಕೆ ಒಂದೇ ಸಲ, ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ನೀರು ಕುಡಿಯುವ ಮುಂಚೆ ನೋಡಿ. ಅರ್ಧ ಲೀಟರ್ ನೀರು ಅರ್ಧ ಕೆಜಿ ತೂಗ್ತದೆ. ಕುಡಿದು ಮೆಷಿನ್ ಹತ್ತಿ ತೂಕ ಜಾಸ್ತಿ ಆಯ್ತು ಅಂತ ನನಗೆ ಫೋನ್ ಮಾಡುವವರು ಇದ್ದಾರೆ.

ರಾತ್ರಿಯ ಅರ್ಧ ಲೀಟರಿನ ಬಗ್ಗೆ ಮಾತ್ರ ನನಗೆ ಹೆದರಿಕೆ. 55 ದಾಟಿದವರು ನಡುರಾತ್ರಿ ಎರಡು ಮೂರು ಸಲ ಎದ್ದು ಬಾತ್‌ರೂಮಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದನ್ನು ನಾನು ತುಂಬ ನೋಡಿದ್ದೇನೆ. ರಾತ್ರಿ ಊಟ ಏಳೂವರೆಗೆ ಮುಗಿಸ್ಲಿಕ್ಕೆ ಆಗುದಾದ್ರೆ ಕುಡೀರಿ, ಇಲ್ಲದಿದ್ರೆ ಆ ಹೊತ್ತಿನದ್ದು ಬೇಡವೇ ಬೇಡ.

ಇನ್ನು ನಿಮ್ಮ ಬಿಪಿ ಮಾತ್ರೆ. ಅದರ ಹೆಸರು ನೀವು ಬರೀಲಿಲ್ಲ, ಅದೇ ಮುಖ್ಯ ಇತ್ತು. ಸ್ಟ್ರಿಪ್ ತೆಗೆದು ನೋಡಿ. ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಅಂತ ಇದ್ರೆ, ಬೇರೆ ಔಷಧಿ ಜೊತೆ ಸೇರಿಸಿದ ಮಾತ್ರೆಯಲ್ಲಿ ಸಹ ಇರ್ತದೆ, ಅದು ಮೂತ್ರದಲ್ಲಿ ಉಪ್ಪಿನ ಅಂಶ ಹೊರಗೆ ಹಾಕುವ ಮಾತ್ರೆ. ಅದರ ಮೇಲೆ ನೀರು ಜಾಸ್ತಿ ಮಾಡಿದ್ರೆ ರಕ್ತದಲ್ಲಿ ಸೋಡಿಯಂ ಇಳೀಬಹುದು, ಪ್ರಾಯ ಆದ ಹೆಂಗಸರಲ್ಲಿ ಇದು ಜಾಸ್ತಿ. ಮೊದಲು ತಲೆನೋವು, ವಾಕರಿಕೆ, ಸುಸ್ತು, ನಡೆಯುವಾಗ ವಾಲಿದ ಹಾಗೆ, ಆಮೇಲೆ ಮಾತು ಗೊಂದಲ. ಮನೆಯವರು ಪಿತ್ತ ಅಂತ ಹೇಳಿ ಇನ್ನೂ ಒಂದು ಚೊಂಬು ನೀರು ಕುಡಿಸ್ತಾರೆ, ಅದು ಅಪಾಯ. ಹಾಗೆ ಆದ್ರೆ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ ಸೋಡಿಯಂ ನೋಡಿಸಿ. ಡಾಕ್ಟ್ರ ಹತ್ರ ಕೇಳುವವರೆಗೆ ಬೆಳಗಿನ ಆ ಒಂದು ಲೀಟರ್ ಸಹ ನಿಲ್ಲಿಸಿ, ಅದರಿಂದ ಪ್ರಯೋಜನ ಹೇಗೂ ಇಲ್ಲ. ಹಾರ್ಟ್ ವೀಕ್ ಇದ್ದವರು, ಕಿಡ್ನಿ ತೊಂದರೆ ಇದ್ದವರು ಈ ಉತ್ತರ ಓದಿ ಶುರು ಮಾಡ್ಲೇಬಾರದು, ನಿಮಗೆ ಡಾಕ್ಟ್ರು ನೀರಿಗೆ ಲಿಮಿಟ್ ಕೊಟ್ಟಿದ್ರೆ ಅದೇ ಕಡೇ ಮಾತು. ಶುಗರಿಗೆ ಗ್ಲಿಮಿಪಿರೈಡ್ ತಗೊಳ್ಳುವವರು ಅಥವಾ ಇನ್ಸುಲಿನ್‌ನಲ್ಲಿ ಇರುವವರು ಅನ್ನ ಕಮ್ಮಿ ಮಾಡುವ ಮುಂಚೆ ಡೋಸ್ ಬಗ್ಗೆ ಕೇಳಿ, ಇಲ್ಲದಿದ್ರೆ ಶುಗರ್ ಇಳಿದು ಬೆವರು ಬಂದು ಬೀಳ್ತೀರಿ.

ಪ್ರಶ್ನೆ: ಬಿಸಿನೀರಿಗೆ ಜೇನು, ಲಿಂಬೆ ಹಾಕಿ ಖಾಲಿ ಹೊಟ್ಟೆಗೆ ಕುಡಿದ್ರೆ ಹೊಟ್ಟೆಯ ಬೊಜ್ಜು ಕರಗ್ತದಂತೆ, ಹೌದಾ? — ಕದ್ರಿ

ಇಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲೊರಿ ಉಂಟು, ಮೇಲಿನ ಲೆಕ್ಕದ ಅರ್ಧ ಸೌಟು ಅನ್ನ ನೀವು ಬೆಳಿಗ್ಗೆಯೇ ಕುಡಿದು ಆಯ್ತು.

ಪ್ರಶ್ನೆ: ಐಸ್ ನೀರು ಕುಡಿದ್ರೆ ಅದನ್ನು ಬಿಸಿ ಮಾಡ್ಲಿಕ್ಕೆ ದೇಹ ಕ್ಯಾಲೊರಿ ಸುಡ್ತದೆ ಅಂತ ಜಿಮ್ ಟ್ರೇನರ್ ಹೇಳಿದ್ರು. — ಮಣಿಪಾಲ

ಅರ್ಧ ಲೀಟರಿಗೆ ಹದಿನಾರು ಕ್ಯಾಲೊರಿ, ಅದೂ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾದ್ರೆ. ಟ್ರೇನರ್ ಹತ್ರ ಭಾರ ಎತ್ತುದು ಕಲೀರಿ.

ಪ್ರಶ್ನೆ: ನಾನು ನೀರಿನ ಬದಲು ದಿನಾ ಪುನರ್ಪುಳಿ ಜ್ಯೂಸ್ ಕುಡೀತೇನೆ, ಅದು ಲೆಕ್ಕಕ್ಕೆ ಬರ್ತದಾ? — ಸುರತ್ಕಲ್

ಸಕ್ಕರೆ ಹಾಕದೆ, ಚಿಟಿಕೆ ಉಪ್ಪು ಹಾಕಿ ಕುಡಿದ್ರೆ ಬರ್ತದೆ. ಅಂಗಡಿ ಬಾಟಲಿಯದ್ದು ಸಕ್ಕರೆ ಪಾಕ, ಅದನ್ನು ಬಿಟ್ಟು ಬರೀ ನೀರಿಗೆ ಬಂದ್ರೆ ಊಟಕ್ಕೆ ಮುಂಚೆ ಕುಡಿದು ಸಿಗುವ ಲಾಭಕ್ಕಿಂತ ಜಾಸ್ತಿ ನಿಮಗೆ ಸಿಗ್ತದೆ.

ಪ್ರಶ್ನೆ: ಮಗ ಕಾಲೇಜಿಗೆ ಹೋಗುವವ, ಫ್ರೆಂಡ್ಸ್ ಜೊತೆ ಸೇರಿ ನೀರಿನ ಚಾಲೆಂಜ್ ಮಾಡ್ತಾನೆ, ಒಂದು ಗಂಟೆಯಲ್ಲಿ ಮೂರ್ನಾಲ್ಕು ಲೀಟರ್. ತೊಂದರೆ ಇಲ್ಲ ಅಲ್ವಾ? — ಬಂಟ್ಸ್ ಹಾಸ್ಟೆಲ್ ಹತ್ತಿರ, ಮಂಗಳೂರು

ತೊಂದರೆ ಉಂಟು, ಇವತ್ತೇ ನಿಲ್ಲಿಸಿ. ಕಿಡ್ನಿ ಗಂಟೆಗೆ ಒಂದು ಲೀಟರಿನ ಹತ್ತಿರ ಮಾತ್ರ ಹೊರಗೆ ಹಾಕ್ಲಿಕ್ಕೆ ಸಾಧ್ಯ, ಉಳಿದದ್ದು ರಕ್ತದಲ್ಲಿ ಸೇರಿ ಸೋಡಿಯಂ ಇಳಿಸಿ ಮೆದುಳು ಊದಿಸ್ತದೆ. ಇದರಿಂದ ಆರೋಗ್ಯವಂತರು ಸಹ ಸತ್ತದ್ದು ಉಂಟು.

ಪ್ರಶ್ನೆ: ಅಷ್ಟು ನೀರು ಕುಡೀಲಿಕ್ಕೆ ನನ್ನಿಂದ ಆಗುದಿಲ್ಲ, ವಾಂತಿ ಬರ್ತದೆ. ಬದಲಿಗೆ ಎಂತಾದ್ರೂ ಉಂಟಾ? — ಕಾಪು

ಉಂಟು, ಗಂಜಿ. 1999ರಲ್ಲಿ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯವರು ಕೋಳಿ ಮತ್ತು ಅನ್ನದ ಒಂದು ಅಡಿಗೆಯನ್ನು ಊಟಕ್ಕೆ ಮೊದಲು ಮೂರು ರೀತಿ ಕೊಟ್ಟು ನೋಡಿದ್ರು: ಬರೀ ಅಡಿಗೆ, ಅಡಿಗೆ ಜೊತೆ ಒಂದು ಲೋಟ ನೀರು, ಮತ್ತೆ ಅದೇ ನೀರು ಸೇರಿಸಿ ಬೇಯಿಸಿದ ಸೂಪ್. ಲೋಟದ ನೀರು ಊಟ ಕಮ್ಮಿ ಮಾಡ್ಲಿಲ್ಲ, ಸೂಪ್ ಮಾಡಿತು. ಆಹಾರದ ಒಳಗೆ ಸೇರಿದ ನೀರು ಹೊಟ್ಟೆಯಿಂದ ಬೇಗ ಇಳಿದು ಹೋಗುದಿಲ್ಲ. ನಮ್ಮ ಕುಚ್ಚಲಕ್ಕಿ ಗಂಜಿಗೆ ಸಹ ಇದೇ ಅನ್ವಯ ಅಂತ ನನ್ನ ಅಭಿಪ್ರಾಯ. ರಾತ್ರಿ ಮೂರು ಸೌಟು ಅನ್ನದ ಬದಲು ಎರಡು ಸೌಟು ಅನ್ನ ಇರುವ ಗಂಜಿ, ತಿಳಿ ಪೂರ್ತಿ ಸೇರಿಸಿ, ಜೊತೆಗೆ ಹೆಸರು ಕಾಳು ಪಲ್ಯ ಒಂದು ಬಟ್ಟಲು. ಉಪ್ಪಿನಕಾಯಿ ಮತ್ತೆ ಒಣಮೀನು ಚಟ್ನಿ ನಂಚಿಕೊಳ್ಳುವಷ್ಟೇ, ಬಿಪಿ ಇದ್ರೆ ಅದೂ ಬೇಡ.