ಡೆಲ್ಫಿ ಸುತ್ತಿನಲ್ಲಿ ಒಬ್ಬರ ಅಂದಾಜು ಮಾತ್ರ ದೂರ ಹೋದರೆ

"ಇವಿ ಚಾರ್ಜಿಂಗ್ ಸ್ಟೇಷನ್ ಹೊಸದು, ಹಳೆಯ ಲೆಕ್ಕವೇ ಇಲ್ಲ. ಅದಕ್ಕೇ ಡೆಲ್ಫಿ, ಅಂದರೆ ತಜ್ಞರನ್ನು ಬೇರೆ ಬೇರೆಯಾಗಿ ಸುತ್ತು ಸುತ್ತಾಗಿ ಕೇಳುವ ವಿಧಾನ, ಬಳಸಿದೆ. ಐದು ತಜ್ಞರಲ್ಲಿ ಒಬ್ಬರ ಅಂದಾಜು ತುಂಬಾ ಜಾಸ್ತಿ. ಅದನ್ನು ಬಿಟ್ಟುಬಿಡಲಾ?"

ಬಿಡಬೇಡಿ, ಮೊದಲು ಕಾರಣ ಬರೆಸಿಕೊಳ್ಳಿ. ಒಂದು ಚಾರ್ಜರ್‌ಗೆ ದಿನಕ್ಕೆ ಎಷ್ಟು ಗಾಡಿ ಎಂದು ಕೇಳಿದಾಗ 4, 5, 6, 8, 18 ಬಂತು ಅಂದುಕೊಳ್ಳಿ. ಸರಾಸರಿ 8.2, ಆದರೆ ನಡುವಿನ ಸಂಖ್ಯೆ 6. 18 ಅಂದವರ ಮನಸ್ಸಿನಲ್ಲಿ ಟ್ಯಾಕ್ಸಿ ಇರಬಹುದು, ಉಳಿದವರಿಗೆ ಸ್ವಂತ ಕಾರು. ಹಾಗಿದ್ದರೆ ಎಡವಿದ್ದು ನಿಮ್ಮ ಪ್ರಶ್ನೆ. ಎರಡನೇ ಸುತ್ತಿನಲ್ಲಿ ಎರಡನ್ನೂ ಬೇರೆ ಬೇರೆ ಕೇಳಿ.

ಜೊತೆಗೆ ಮೊದಲ ಸುತ್ತಿನ ಅಂಕಿ, ಕಾರಣಗಳನ್ನು ಎಲ್ಲರಿಗೂ ಕಳಿಸಿ. ಹೆಸರು ಮಾತ್ರ ಬೇಡ. ಹೆಸರು ಕಂಡರೆ ಜನ ದೊಡ್ಡವರ ಕಡೆ ವಾಲುತ್ತಾರೆ, ಅಲ್ವಾ? ಹೊಸ ಕಾರಣವೇ ಇಲ್ಲದೆ ಅಂಕಿಗಳು ಹತ್ತಿರ ಬಂದರೆ ತಜ್ಞರಿಗೆ ಸುಸ್ತಾಗಿರಬಹುದು. ಅಲ್ಲಿಗೆ ನಿಲ್ಲಿಸಿ, ಕಡಿಮೆ ಅಂದಾಜಿನಲ್ಲೂ ಸ್ಟೇಷನ್‌ಗೆ ಮಾಡುವ ಸಾಲದ ಕಂತು ಕಟ್ಟಲಾಗುತ್ತದಾ ನೋಡಿ.