ಮಾತಿಲ್ಲದ ಅಡಿಕೆ ಫೋಟೊ

"ಕೃಷಿಕರು ವಾಟ್ಸಾಪಿನಲ್ಲಿ ರೋಗ ಬಂದ ಬೆಳೆಯ ಬರೀ ಫೋಟೊ ಹಾಕ್ತಾರೆ. ಯಾವ ರೋಗ ಅಂತ ಅಂದಾಜು ಹೇಳುವ ಮೊದಲು ಎಷ್ಟು ಪ್ರಶ್ನೆ ಕೇಳಬಹುದು?"

ಒಂದೇ ಮಾರಾಯ್ರೆ, ಅದೂ ಅಂದಾಜು ಹೇಳಿದ ಮೇಲೆ. ಜುಲೈಯಲ್ಲಿ ಬಂಟ್ವಾಳ ಕಡೆಯಿಂದ ಉದುರಿದ ಹಸಿ ಅಡಿಕೆಯ ಫೋಟೊ ಬಂತು. ತೊಟ್ಟಿನ ಹತ್ತಿರ ನೀರು ಹಿಡಿದಂಥ ಕಡುಹಸಿರು ಕಲೆ. ತೋಟಕ್ಕೆ ಎಷ್ಟು ವರ್ಷ, ತಳಿ ಯಾವುದು, ಗೊಬ್ಬರ ಏನು ಎಂದು ಮೂರು ಕೇಳಿದೆ. ಮನುಷ್ಯ ಪತ್ತೆಯೇ ಇಲ್ಲ! ಆ ಉತ್ತರಗಳಿಂದ ನನ್ನ ಸಲಹೆ ಬದಲಾಗುತ್ತಲೂ ಇರಲಿಲ್ಲ.

ಈಗಾದರೆ ಹೀಗೆ ಬರೆಯುತ್ತೇನೆ: "ಕೊಳೆರೋಗದ ಹಾಗೆ ಕಾಣ್ತದೆ. ಮಳೆ ಬಿಟ್ಟಾಗ ಶೇಕಡಾ 1ರ ಬೋರ್ಡೊ ದ್ರಾವಣ ಸಿಂಪಡಿಸಿ. ಕಾಯಿ ಮೇಲೆ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕಿ ಉಂಟಾ?" ಉಂಟೆಂದರೆ ರಸ ಹೀರುವ ತಿಗಣೆಯ ಕೆಲಸವಿರಬಹುದು, ಅದಕ್ಕೆ ಬೋರ್ಡೊ ನಾಟುವುದಿಲ್ಲ. ಫೋಟೊ ಮಸುಕಾಗಿದ್ದರೆ ಮಾತ್ರ ಮೊದಲೇ ಇನ್ನೊಂದು ಫೋಟೊ ಕೇಳಿ.